ಡ್ಯಾಶ್‌ಕ್ಯಾಮ್: ಲೂಪ್ ರೆಕಾರ್ಡಿಂಗ್, ಮೆಮೊರಿ ಕಾರ್ಡ್ ಬಾಳಿಕೆ ಮತ್ತು ದೃಶ್ಯ ಸಂರಕ್ಷಣೆ

ವಾಹನದ ಮುಂಗಾಜಿನ ಒಳಬದಿಗೆ ಅಂಟಿಸಿ, ಇಂಜಿನ್ ಚಾಲೂ ಆದೊಡನೆ ತಾನಾಗಿ ಚಿತ್ರೀಕರಣ ಶುರು ಮಾಡುವ ಪುಟ್ಟ ಕ್ಯಾಮೆರಾವೇ ಡ್ಯಾಶ್‌ಕ್ಯಾಮ್. ಬಹುಪಾಲು ಮಾದರಿಗಳಲ್ಲಿ ವಿಡಿಯೊ ಸೇರುವುದು ಬೆರಳ ಉಗುರಿನಷ್ಟು ದೊಡ್ಡ ಮೈಕ್ರೊ ಎಸ್‌ಡಿ ಕಾರ್ಡ್‌ಗೆ. ಕಾರ್ಡ್ ತುಂಬಿತೆಂದು ಕ್ಯಾಮೆರಾ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಹಳೆಯ ಫೈಲನ್ನು ಅಳಿಸಿ, ತೆರವಾದ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಇದಕ್ಕೆ ಲೂಪ್ ರೆಕಾರ್ಡಿಂಗ್ ಎಂದು ಹೆಸರು. ಚಾಲಕ ಏನನ್ನೂ ಒತ್ತಬೇಕಿಲ್ಲ ಎಂಬುದು ಇದರ ಅನುಕೂಲ. ಏನನ್ನೂ ಮಾಡದಿದ್ದರೆ ಬೇಕಾದ ದೃಶ್ಯವೂ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ ಎಂಬುದು ಇದರ ತೊಡಕು.

ಅನುಕೂಲದ ದೊಡ್ಡ ಉದಾಹರಣೆ ರಷ್ಯಾದ್ದು. 2013ರ ಫೆಬ್ರವರಿ 15ರ ಬೆಳಿಗ್ಗೆ ಚೆಲ್ಯಾಬಿನ್ಸ್ಕ್ ನಗರದ ಬಳಿ ಸುಮಾರು 19 ಮೀಟರ್ ಅಡ್ಡಳತೆಯ ಉಲ್ಕೆಯೊಂದು ಆಕಾಶದಲ್ಲೇ ಸಿಡಿಯಿತು. ಮುನ್ಸೂಚನೆ ಯಾರಿಗೂ ಇರಲಿಲ್ಲ. ಆದರೂ ಅದರ ಹಾದಿ ಹತ್ತಾರು ಕೋನಗಳಿಂದ ಸೆರೆಯಾಯಿತು, ಏಕೆಂದರೆ ವಿಮೆ ವಂಚನೆ ಮತ್ತು ರಸ್ತೆ ಜಗಳಗಳಿಂದ ರೋಸಿಹೋದ ಅಲ್ಲಿನ ಚಾಲಕರು ಅದಾಗಲೇ ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡಿದ್ದರು. ವಿಜ್ಞಾನಿಗಳು ಆ ವಿಡಿಯೊಗಳನ್ನು ಕಲೆಹಾಕಿ ಉಲ್ಕೆಯ ಪಥವನ್ನೂ, ಸೆಕೆಂಡಿಗೆ ಸುಮಾರು 19 ಕಿಲೋಮೀಟರ್ ಇದ್ದ ಅದರ ವೇಗವನ್ನೂ ಲೆಕ್ಕಹಾಕಿದರು. ಕೆಲವು ತಂಡಗಳವರು ವಿಡಿಯೊ ತೆಗೆದ ಜಾಗಗಳಿಗೇ ಹೋಗಿ, ರಾತ್ರಿ ನಕ್ಷತ್ರಗಳ ಚಿತ್ರ ತೆಗೆದು ಕೋನಗಳನ್ನು ತಾಳೆ ನೋಡಿದರು.

ಲೂಪ್ ನಡೆಯುವ ಬಗೆ

ಕ್ಯಾಮೆರಾ ಇಡೀ ಪ್ರಯಾಣವನ್ನು ಒಂದೇ ಉದ್ದನೆಯ ವಿಡಿಯೊ ಆಗಿ ಬರೆಯುವುದಿಲ್ಲ. ಒಂದು, ಮೂರು ಅಥವಾ ಐದು ನಿಮಿಷದ ತುಂಡುಗಳಾಗಿ ಬರೆಯುತ್ತದೆ. ತುಂಡು ಚಿಕ್ಕದಿದ್ದಷ್ಟೂ ಅಳಿಸುವುದು, ಉಳಿಸುವುದು, ಹುಡುಕುವುದು ಸುಲಭ. ಎಷ್ಟೋ ಮಾದರಿಗಳು ಫೈಲಿಗೆ ದಿನಾಂಕ ಮತ್ತು ವೇಳೆಯನ್ನೇ ಹೆಸರಾಗಿ ಕೊಟ್ಟು, ಕೊನೆಯಲ್ಲಿ ಮುಂದಿನ ಅಥವಾ ಹಿಂದಿನ ಕ್ಯಾಮೆರಾವನ್ನು ಸೂಚಿಸುವ ಅಕ್ಷರ ಸೇರಿಸುತ್ತವೆ.

ಎಂಪಿ4 ಫೈಲಿಗೆ ಒಂದು ಸೂಕ್ಷ್ಮವಿದೆ. ಯಾವ ಚಿತ್ರ ಫೈಲಿನ ಯಾವ ಭಾಗದಲ್ಲಿದೆ ಎಂದು ಹೇಳುವ ಸೂಚಿ ಸಾಮಾನ್ಯವಾಗಿ ಬರೆಹವೆಲ್ಲ ಮುಗಿದ ಮೇಲೆ, ಕೊನೆಯಲ್ಲಿ ಬೀಳುತ್ತದೆ. ಡಿಕ್ಕಿಯ ರಭಸಕ್ಕೆ ಕ್ಯಾಮೆರಾದ ವೈರ್ ಕಿತ್ತುಬಂದರೆ ಚಿತ್ರಗಳು ಕಾರ್ಡ್‌ನಲ್ಲಿ ಇದ್ದೂ ಫೈಲ್ ತೆರೆಯದಂತಾಗಬಹುದು. ಇದಕ್ಕೆಂದೇ ಕ್ಯಾಮೆರಾದೊಳಗೆ ಪುಟ್ಟ ಬ್ಯಾಟರಿ ಅಥವಾ ಸೂಪರ್ ಕೆಪಾಸಿಟರ್ ಇರುತ್ತದೆ. ವಿದ್ಯುತ್ ಹೋದ ಮೇಲೂ ಕೆಲವು ಸೆಕೆಂಡು ಶಕ್ತಿ ಕೊಟ್ಟು ಫೈಲನ್ನು ಮುಗಿಸುವುದು ಅದರ ಕೆಲಸ. ಬಿಸಿಲಲ್ಲಿ ನಿಂತ ಕಾರಿನೊಳಗೆ ಲಿಥಿಯಂ ಬ್ಯಾಟರಿ ಉಬ್ಬಿ ಕೆಡುವ ಸಂಭವ ಹೆಚ್ಚು. ಆ ಶಾಖವನ್ನು ಕೆಪಾಸಿಟರ್ ಹೆಚ್ಚು ಕಾಲ ತಡೆದುಕೊಳ್ಳುತ್ತದೆ. ತೆರೆಯದೆ ಉಳಿದ ಫೈಲನ್ನು ಕೈಬಿಡಬೇಕಾಗಿಲ್ಲ. ಅದೇ ಕ್ಯಾಮೆರಾದ ಇನ್ನೊಂದು ಸರಿಯಾದ ಫೈಲನ್ನು ಮಾದರಿಯಾಗಿ ಕೊಟ್ಟರೆ ಕಾಣೆಯಾದ ಸೂಚಿಯನ್ನು ಕಟ್ಟಿಕೊಡುವ `untrunc` ಎಂಬ ತಂತ್ರಾಂಶವಿದೆ. ಆದರೆ ಆ ಕೆಲಸ ನಡೆಯಬೇಕಾದದ್ದು ಪ್ರತಿಯ ಮೇಲೆ, ಕಾರ್ಡ್‌ನ ಮೇಲಲ್ಲ.

ಲಾಕ್ ಬೀಳುವುದು ಯಾವಾಗ

ಲೂಪಿನ ಬಾಯಿಯಿಂದ ಫೈಲನ್ನು ಉಳಿಸುವುದು ಲಾಕ್. ಕ್ಯಾಮೆರಾದೊಳಗಿನ ಜಿ-ಸೆನ್ಸರ್ ಕುಲುಕಾಟ ಒಂದು ಮಿತಿ ದಾಟಿದ್ದನ್ನು ಗುರುತಿಸಿದರೆ, ಆಗ ಬರೆಯುತ್ತಿರುವ ಫೈಲನ್ನು ಅಳಿಸಬಾರದೆಂದು ಗುರುತು ಹಾಕುತ್ತದೆ ಅಥವಾ ಬೇರೆ ಫೋಲ್ಡರ್‌ಗೆ ಸರಿಸುತ್ತದೆ. ಚಾಲಕನೂ ಗುಂಡಿ ಒತ್ತಿ ಲಾಕ್ ಮಾಡಬಹುದು.

ನಮ್ಮ ರಸ್ತೆಗಳಲ್ಲಿ ಈ ಏರ್ಪಾಡು ಎರಡೂ ಕಡೆ ತಪ್ಪುತ್ತದೆ. ಸಂವೇದನೆಯನ್ನು ಹೆಚ್ಚಿಗೆ ಇಟ್ಟರೆ ಪ್ರತಿ ಹಂಪಿಗೂ ಪ್ರತಿ ಹಳ್ಳಕ್ಕೂ ಒಂದೊಂದು ಲಾಕ್ ಬೀಳುತ್ತದೆ. ಕೆಲವು ತಿಂಗಳಲ್ಲಿ ಕಾರ್ಡ್‌ನ ಬಹುಭಾಗ ಬೇಡದ ಲಾಕ್ ಫೈಲುಗಳಿಂದ ತುಂಬುತ್ತದೆ, ಲೂಪಿಗೆ ಉಳಿದ ಜಾಗ ಕಿರಿದಾಗುತ್ತ ಹೋಗುತ್ತದೆ. ಕೆಲವು ಕ್ಯಾಮೆರಾಗಳು ಕಾರ್ಡ್ ತುಂಬಿತೆಂದು ಕೂಗಿ ನಿಲ್ಲುತ್ತವೆ. ಇನ್ನು ಕೆಲವು ಲಾಕ್ ಫೈಲುಗಳಿಗೂ ಒಂದು ಪಾಲು ಗೊತ್ತುಮಾಡಿ, ಅದು ತುಂಬಿದಾಗ ಹಳೆಯ ಲಾಕ್ ಫೈಲನ್ನೂ ಅಳಿಸುತ್ತವೆ. ಹಾಗಾಗಿ ಲಾಕ್ ಆಗಿದೆ ಎಂದ ಮಾತ್ರಕ್ಕೆ ದೃಶ್ಯ ಶಾಶ್ವತವಲ್ಲ. ಸಂವೇದನೆಯನ್ನು ತಗ್ಗಿಸಿದರೆ ಇನ್ನೊಂದು ತೊಂದರೆ: ಬೈಕೊಂದು ಕಾರಿನ ಪಕ್ಕವನ್ನು ಸವರಿಕೊಂಡು ಹೋದರೆ, ಅಥವಾ ಕಣ್ಣೆದುರೇ ಬೇರೆ ಎರಡು ವಾಹನಗಳು ಡಿಕ್ಕಿ ಹೊಡೆದರೆ, ಸೆನ್ಸರಿಗೆ ಏನೂ ಗೊತ್ತಾಗುವುದಿಲ್ಲ.

ಮೂರನೆಯ ತಪ್ಪು ತುಂಡುಗಳ ಅಂಚಿನಲ್ಲಿ ಆಗುತ್ತದೆ. ಮೂರು ನಿಮಿಷದ ಫೈಲಿನ ಕೊನೆಯ ಹತ್ತು ಸೆಕೆಂಡಿನಲ್ಲಿ ಡಿಕ್ಕಿಯಾಗಿ, ಚಾಲಕ ಚೇತರಿಸಿಕೊಂಡು ಗುಂಡಿ ಒತ್ತುವಷ್ಟರಲ್ಲಿ ಮುಂದಿನ ಫೈಲ್ ಶುರುವಾಗಿರುತ್ತದೆ. ಲಾಕ್ ಬೀಳುವುದು ಆ ಎರಡನೆಯ ಫೈಲಿಗೆ. ಡಿಕ್ಕಿ ಇರುವ ಮೊದಲ ಫೈಲ್ ಲೂಪಿನ ಸರದಿಯಲ್ಲೇ ಉಳಿಯುತ್ತದೆ. ಹಿಂದಿನ ಫೈಲನ್ನೂ ಸೇರಿಸಿ ಲಾಕ್ ಮಾಡುವ ಮಾದರಿಗಳೂ ಇವೆ; ಕೈಯಲ್ಲಿರುವ ಕ್ಯಾಮೆರಾ ಯಾವ ಬಗೆಯದೆಂದು ಮನೆಯಂಗಳದಲ್ಲೇ ಒಮ್ಮೆ ಪರೀಕ್ಷಿಸಿ ನೋಡಬಹುದು.

ಕಾರ್ಡ್ ಸವೆಯುವ ಲೆಕ್ಕ

ಮೆಮೊರಿ ಕಾರ್ಡ್ ಒಳಗಿರುವುದು ನ್ಯಾಂಡ್ ಫ್ಲ್ಯಾಶ್. ಇದರ ಕೋಶಗಳಲ್ಲಿ ವಿದ್ಯುದಾವೇಶವನ್ನು ಹಿಡಿದಿಟ್ಟು ಮಾಹಿತಿ ಉಳಿಸಲಾಗುತ್ತದೆ. ಹಳೆಯದರ ಮೇಲೆ ನೇರವಾಗಿ ಬರೆಯಲು ಬರುವುದಿಲ್ಲ. ಮೊದಲು ಒಂದಿಡೀ ಬ್ಲಾಕ್ ಅಳಿಸಬೇಕು, ಆಮೇಲೆ ಬರೆಯಬೇಕು. ಪ್ರತಿ ಸಲ ಅಳಿಸಿ ಬರೆದಾಗಲೂ ಕೋಶದ ನಿರೋಧಕ ಪದರ ಇಷ್ಟಿಷ್ಟೇ ಸವೆಯುತ್ತದೆ. ಕೊನೆಗೊಮ್ಮೆ ಕೋಶ ಆವೇಶವನ್ನು ಹಿಡಿದಿಡಲಾರದು. ಫೋನಿನಲ್ಲಿ ಹಾಡು, ಫೋಟೊ ತುಂಬಿಟ್ಟ ಕಾರ್ಡ್ ಹೀಗೆ ಸವೆಯುವುದು ಅಪರೂಪ, ಏಕೆಂದರೆ ಅಲ್ಲಿ ಒಮ್ಮೆ ಬರೆದದ್ದನ್ನು ಮತ್ತೆ ಮತ್ತೆ ಓದುವುದೇ ಹೆಚ್ಚು. ಡ್ಯಾಶ್‌ಕ್ಯಾಮ್‌ನಲ್ಲಿ ಬರೆಯುವುದೇ ಎಲ್ಲ, ಓದುವುದು ಎಂದೋ ಒಮ್ಮೆ.

ಈ ಸವೆತವನ್ನು ಸರಳವಾಗಿ ಅಂದಾಜು ಮಾಡಬಹುದು. ಮುಂದಿನ ಮತ್ತು ಹಿಂದಿನ ಕ್ಯಾಮೆರಾ ಎರಡೂ ಸೇರಿ ಸೆಕೆಂಡಿಗೆ 26 ಮೆಗಾಬಿಟ್ ಬರೆಯುತ್ತವೆ ಎಂದುಕೊಳ್ಳೋಣ. ಅದು ಗಂಟೆಗೆ 11.7 ಜಿಬಿ. 128 ಜಿಬಿ ಕಾರ್ಡ್ ಸುಮಾರು 11 ಗಂಟೆಯಲ್ಲಿ ಒಂದು ಸುತ್ತು ತುಂಬುತ್ತದೆ. ಕಾರ್ಡ್ ತಯಾರಕರು ಬಾಳಿಕೆಯನ್ನು ಗಂಟೆಗಳಲ್ಲಿ ಹೇಳುವಾಗ ಬಳಸುವುದೂ ಹೆಚ್ಚುಕಡಿಮೆ ಇದೇ ವೇಗವನ್ನು. ಸ್ಯಾನ್‌ಡಿಸ್ಕ್‌ನ ಹೈ ಎಂಡ್ಯೂರೆನ್ಸ್ ಸಾಲಿನ 128 ಜಿಬಿ ಕಾರ್ಡ್‌ಗೆ 10,000 ಗಂಟೆ ಎಂದೂ, ಮ್ಯಾಕ್ಸ್ ಎಂಡ್ಯೂರೆನ್ಸ್ ಸಾಲಿನ ಅದೇ ಅಳತೆಯ ಕಾರ್ಡ್‌ಗೆ 60,000 ಗಂಟೆ ಎಂದೂ ತಯಾರಕರು ಹೇಳುತ್ತಾರೆ. ಈ ಅಂಕಿಗಳನ್ನು ಸುತ್ತುಗಳಿಗೆ ಬದಲಿಸಿದರೆ ಮೊದಲನೆಯದು ಸುಮಾರು 900 ಸುತ್ತು, ಎರಡನೆಯದು ಸುಮಾರು 5,500 ಸುತ್ತು. ಎರಡರ ನಡುವಿನ ಅಂತರ ಅಷ್ಟು.

ಗಂಟೆಗಳ ಲೆಕ್ಕ ಬಳಸುವವರ ಮೇಲೆ ನಿಂತಿದೆ. ದಿನಕ್ಕೆ ಮೂರು ಗಂಟೆ ಕಾರು ಓಡಿಸುವ ಉದ್ಯೋಗಿಗೆ 10,000 ಗಂಟೆ ಎಂದರೆ ಒಂಬತ್ತು ವರ್ಷ. ದಿನಕ್ಕೆ 12 ಗಂಟೆ ಓಡುವ ಟ್ಯಾಕ್ಸಿಗೆ ಅದೇ ಕಾರ್ಡ್ ಎರಡೂಕಾಲು ವರ್ಷಕ್ಕೆ ಮುಗಿಯುತ್ತದೆ. ನಿಲ್ಲಿಸಿದ ಕಾರಿನಲ್ಲೂ ಪಾರ್ಕಿಂಗ್ ಮೋಡ್‌ನಲ್ಲಿ ಹಗಲಿರುಳು ಬರೆಯುತ್ತಿದ್ದರೆ 14 ತಿಂಗಳು ಸಾಕು. ಎರಡು ಪಟ್ಟು ದೊಡ್ಡ ಕಾರ್ಡ್ ಹಾಕಿದರೆ ಹೆಚ್ಚು ದಿನದ ದೃಶ್ಯ ಉಳಿಯುವುದರ ಜೊತೆಗೆ ಸವೆತವೂ ಹಂಚಿಹೋಗುತ್ತದೆ, ಏಕೆಂದರೆ ಅಷ್ಟೇ ಬರೆಹಕ್ಕೆ ಸುತ್ತುಗಳು ಅರ್ಧಕ್ಕಿಳಿಯುತ್ತವೆ. ಆದರೆ ಕ್ಯಾಮೆರಾ ಎಷ್ಟು ಜಿಬಿವರೆಗೆ ಒಪ್ಪುತ್ತದೆಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಕಾರ್ಡ್ ಮೇಲೆ ಅಚ್ಚಾಗಿರುವ ಯು3, ವಿ30 ಗುರುತುಗಳು ಬಾಳಿಕೆಯನ್ನು ಹೇಳುವುದಿಲ್ಲ. ವಿ30 ಎಂದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ವೇಗದಲ್ಲಿ ಸತತವಾಗಿ ಬರೆಯಬಲ್ಲದು ಎಂದಷ್ಟೇ. ಮೇಲಿನ ಲೆಕ್ಕದ ಕ್ಯಾಮೆರಾಗಳಿಗೆ ಬೇಕಾದದ್ದು ಸೆಕೆಂಡಿಗೆ ಮೂರೂಕಾಲು ಮೆಗಾಬೈಟ್. ವೇಗದ ಕಾರ್ಡ್ ಎಂದು ಹೆಚ್ಚು ಹಣ ಕೊಟ್ಟು, ಎಂಡ್ಯೂರೆನ್ಸ್ ಎಂಬ ಮಾತಿಲ್ಲದ ಕಾರ್ಡ್ ತಂದರೆ ಸವೆತದ ಸಮಸ್ಯೆ ಹಾಗೆಯೇ ಉಳಿಯುತ್ತದೆ.

ಕೆಟ್ಟ ಕಾರ್ಡ್‌ನ ಲಕ್ಷಣಗಳು

ಕಾರ್ಡ್ ಸಾಯುವಾಗ ಸದ್ದಿಲ್ಲದೆ ಸಾಯುತ್ತದೆ. ಕ್ಯಾಮೆರಾದ ದೀಪ ಮಿನುಗುತ್ತಲೇ ಇರುತ್ತದೆ, ಒಳಗೆ ಏನೂ ಸೇರುತ್ತಿರುವುದಿಲ್ಲ. ಕೆಲವು ಕಾರ್ಡ್‌ಗಳು ಆಯುಷ್ಯ ಮುಗಿದಾಗ ಓದಲು ಮಾತ್ರ ಆಗುವ ಸ್ಥಿತಿಗೆ ಇಳಿಯುತ್ತವೆ. ಆಗ ಫಾರ್ಮ್ಯಾಟ್ ಆಯಿತೆಂದು ಪರದೆ ತೋರಿಸಿದರೂ, ಕಾರ್ಡ್ ತೆಗೆದು ಮತ್ತೆ ಹಾಕಿದರೆ ಹಳೆಯ ಫೈಲುಗಳೆಲ್ಲ ಇದ್ದಲ್ಲೇ ಇರುತ್ತವೆ. ಇಂಥ ಕಾರ್ಡ್‌ಗೆ ಮದ್ದಿಲ್ಲ. ಸೊನ್ನೆ ಬೈಟ್‌ನ ಫೈಲುಗಳು, ಎರಡು ಫೈಲುಗಳ ನಡುವೆ ಕಾರಣವಿಲ್ಲದೆ ಕಾಣೆಯಾದ ನಿಮಿಷಗಳು, ಓಡುತ್ತ ಓಡುತ್ತ ತಾನಾಗಿ ಮರುಚಾಲೂ ಆಗುವ ಕ್ಯಾಮೆರಾ, ಇವು ಅದಕ್ಕೂ ಮುಂಚಿನ ಸೂಚನೆಗಳು.

ಹೊಸ ಕಾರ್ಡ್‌ನಲ್ಲೂ ಮೋಸ ಉಂಟು. 32 ಜಿಬಿ ಚಿಪ್‌ಗೆ 256 ಎಂದು ಹೇಳಲು ಕಲಿಸಿ ಮಾರುವ ನಕಲಿ ಕಾರ್ಡ್‌ಗಳು ಮೊದಲ ಸುತ್ತಿನಲ್ಲಿ ನಿಜವಾದ ಅಳತೆ ದಾಟುತ್ತಿದ್ದಂತೆ ಫೈಲುಗಳನ್ನು ಹಾಳುಮಾಡುತ್ತವೆ. ವಿಂಡೋಸ್‌ನಲ್ಲಿ `H2testw`, ಲಿನಕ್ಸ್‌ನಲ್ಲಿ `f3write` ಮತ್ತು `f3read` ಕಾರ್ಡ್ ಪೂರ್ತಿ ಬರೆದು, ಮರಳಿ ಓದಿ, ನಿಜವಾದ ಅಳತೆಯನ್ನು ಹೇಳುತ್ತವೆ. ಪರೀಕ್ಷೆ ಮುಗಿದ ಮೇಲೆ ಕಾರ್ಡನ್ನು ಕಂಪ್ಯೂಟರ್‌ನಲ್ಲಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡುವುದು ಒಳ್ಳೆಯದು. ತಿಂಗಳಿಗೊಮ್ಮೆ ಹಾಗೆ ಮಾಡಿದರೆ ಹಂಪುಗಳು ಹಾಕಿದ ಬೇಡದ ಲಾಕುಗಳೂ ಹೋಗುತ್ತವೆ, ಸಾಯುತ್ತಿರುವ ಕಾರ್ಡೂ ಸಿಕ್ಕಿಬೀಳುತ್ತದೆ.

ಒಂದು ಮಾದರಿ ಪ್ರಕರಣ

ಮೇಲಿನ ಸಂಗತಿಗಳೆಲ್ಲ ಒಟ್ಟಾಗಿ ಬರುವ ಸನ್ನಿವೇಶವೊಂದನ್ನು ಕಲ್ಪಿಸಿಕೊಳ್ಳಬಹುದು. ತುಮಕೂರು ರಸ್ತೆಯಲ್ಲಿ ನೆಲಮಂಗಲದ ಹತ್ತಿರ ಬೆಳಿಗ್ಗೆ 7 ಗಂಟೆ 20 ನಿಮಿಷಕ್ಕೆ ಸರಕಿನ ಟೆಂಪೊವೊಂದು ಲೇನ್ ಬದಲಿಸುತ್ತ ಕಾರಿನ ಎಡಬದಿಯನ್ನು ಉಜ್ಜಿ, ನಿಲ್ಲದೆ ಹೋಗುತ್ತದೆ. ಯಾರಿಗೂ ಪೆಟ್ಟಿಲ್ಲ. ಕ್ಯಾಮೆರಾ ಮೇಲೆ ಹೇಳಿದ ಅಳತೆಯದೇ: ಎರಡು ಚಾನೆಲ್, 128 ಜಿಬಿ, ಮೂರು ನಿಮಿಷದ ಫೈಲು. ಕಾರ್ಡ್‌ನ ಕಾಲು ಭಾಗವನ್ನು ಹಳೆಯ ಲಾಕ್ ಫೈಲುಗಳು ಹಿಡಿದಿವೆ. ಉಳಿದ 96 ಜಿಬಿಗೆ ಹಿಡಿಯುವುದು ಎಂಟು ಗಂಟೆಯ ಓಟ. ದಿನಕ್ಕೆ ಮೂರು ಗಂಟೆ ಓಡುವ ಈ ಕಾರಿನಲ್ಲಿ, ಉಜ್ಜುವಿಕೆಗೆ ಸೆನ್ಸರ್ ಲಾಕ್ ಹಾಕದೆ ಇದ್ದರೆ, ಮೂರನೆಯ ದಿನಕ್ಕೆ ದೃಶ್ಯ ಇರುವುದಿಲ್ಲ. ವಿಮೆಯ ಸರ್ವೇಯರ್ ಬರುವುದು ಎಷ್ಟೋ ಸಲ ಅದರ ನಂತರ.

ಮೊದಲ ಕೆಲಸ ಗುಂಡಿ ಒತ್ತಿ ಲಾಕ್ ಮಾಡುವುದು, ಆಮೇಲೆ ಕಾರನ್ನು ಪಕ್ಕಕ್ಕೆ ನಿಲ್ಲಿಸುವುದು. ಎರಡನೆಯದು ಹಲವರಿಗೆ ಹೊಳೆಯದ ಕೆಲಸ: ಕ್ಯಾಮೆರಾ ಓಡುತ್ತಿರುವಾಗಲೇ ಫೋನಿನ ಗಡಿಯಾರವನ್ನು ಅದರ ಮುಂದೆ ಹಿಡಿದು, ವೇಳೆಯನ್ನು ಬಾಯಲ್ಲೂ ಹೇಳುವುದು. ಡ್ಯಾಶ್‌ಕ್ಯಾಮ್ ಗಡಿಯಾರಗಳು ತಪ್ಪಿರುವುದು ಸಾಮಾನ್ಯ. ಚೀನಾದ ಕಾಲವಲಯದಲ್ಲೇ ಬಿಟ್ಟ ಕ್ಯಾಮೆರಾ ಭಾರತದ ವೇಳೆಗಿಂತ ಎರಡೂವರೆ ಗಂಟೆ ಮುಂದಿರುತ್ತದೆ. ಬೆಳಿಗ್ಗೆ 7:20ರ ಘಟನೆಗೆ ಪರದೆಯ ಮೇಲೆ 9:50 ಎಂದು ಅಚ್ಚಾಗಿರುತ್ತದೆ. ದೂರಿನಲ್ಲಿ ಒಂದು ವೇಳೆ, ವಿಡಿಯೊದಲ್ಲಿ ಇನ್ನೊಂದು ವೇಳೆ ಇದ್ದರೆ ಎದುರಾಳಿ ವಕೀಲರು ಮೊದಲು ಹಿಡಿಯುವುದು ಅದನ್ನೇ. ಫೋನಿನ ಗಡಿಯಾರ ಅದೇ ವಿಡಿಯೊ ಸರಣಿಯಲ್ಲಿ ದಾಖಲಾಗಿದ್ದರೆ ವ್ಯತ್ಯಾಸ ಎಷ್ಟೆಂಬುದಕ್ಕೆ ಅದೇ ಪುರಾವೆ.

ಮೂರನೆಯದು ಕಾರ್ಡ್ ಹೊರತೆಗೆಯುವುದು. ರೆಕಾರ್ಡಿಂಗ್ ನಿಲ್ಲಿಸಿ, ಕ್ಯಾಮೆರಾ ಪೂರ್ತಿ ಆರಿದ ಮೇಲೆಯೇ ತೆಗೆಯಬೇಕು. ಬರೆಯುತ್ತಿರುವಾಗ ಕಿತ್ತರೆ ಕೊನೆಯ ಫೈಲಿನ ಸೂಚಿ ಬೀಳದೆ ಹೋಗುತ್ತದೆ. ಕಾರಿಗೆ ಬೇರೆ ಕಾರ್ಡ್ ಹಾಕಿ ಪ್ರಯಾಣ ಮುಂದುವರಿಸಬಹುದು.

ಮನೆಯಲ್ಲಿ ಕಾರ್ಡನ್ನು ಅಡಾಪ್ಟರ್‌ಗೆ ಸೇರಿಸಿ, ಅದರ ಪಕ್ಕದ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ ಕಂಪ್ಯೂಟರ್‌ಗೆ ಹಾಕಬೇಕು. ಆ ಗುಂಡಿಯನ್ನು ಗೌರವಿಸುವುದು ಬಿಡುವುದು ಕಾರ್ಡ್ ರೀಡರ್‌ಗೆ ಸೇರಿದ್ದು. ಆದರೂ ಕೈತಪ್ಪಿ ಅಳಿಸುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಡಿಕ್ಕಿಯ ಫೈಲನ್ನಷ್ಟೇ ಎತ್ತಿಕೊಳ್ಳದೆ, ಆ ದಿನದ ಎಲ್ಲ ಫೈಲುಗಳನ್ನೂ ಮುಂದಿನ, ಹಿಂದಿನ ಎರಡೂ ಕ್ಯಾಮೆರಾಗಳಿಂದ ಹೆಸರು ಬದಲಿಸದೆ ನಕಲಿಸಬೇಕು. ಟೆಂಪೊ ಎಷ್ಟು ಹೊತ್ತು ಹಿಂದೆ ಬರುತ್ತಿತ್ತು, ಇಂಡಿಕೇಟರ್ ಹಾಕಿತ್ತೇ ಎಂಬುದು ಹಿಂದಿನ ಕ್ಯಾಮೆರಾದ ಮುಂಚಿನ ಫೈಲುಗಳಲ್ಲಿರುತ್ತದೆ. ಉಜ್ಜಿ ಮುಂದೆ ಹೋದ ಅದರ ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವುದು ಡಿಕ್ಕಿಯ ಕ್ಷಣದಲ್ಲಲ್ಲ, ಕೆಲವು ಸೆಕೆಂಡಿನ ಬಳಿಕ.

ಆಮೇಲೆ ಹ್ಯಾಶ್. ಫೈಲಿನ ಎಲ್ಲ ಬೈಟ್‌ಗಳಿಂದ ಲೆಕ್ಕಹಾಕಿ ತೆಗೆದ ಒಂದು ಉದ್ದನೆಯ ಸಂಖ್ಯೆ ಇದು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಮೊದಲು ಕಾರ್ಡ್‌ನಲ್ಲಿರುವ ಫೈಲಿನದು, ಆಮೇಲೆ ಪ್ರತಿಯದು ತೆಗೆದು ಎರಡೂ ಒಂದೇ ಎಂದು ನೋಡಬೇಕು. ವಿಂಡೋಸ್‌ನಲ್ಲಿ ಮೊದಲನೆಯ, ಲಿನಕ್ಸ್‌ನಲ್ಲಿ ಎರಡನೆಯ ಆಜ್ಞೆ ಸಾಕು:

```
certutil -hashfile 20250614_095000_F.MP4 SHA256
sha256sum 20250614_095000_F.MP4
```

ಬಂದ ಸಂಖ್ಯೆ, ಫೈಲಿನ ಹೆಸರು, ದಿನಾಂಕ, ನಕಲಿಸಿದವರು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಮುಂದೆ ಬರುವ ಪ್ರಮಾಣಪತ್ರಕ್ಕೆ ಬೇಕಾದ ಅರ್ಧ ಕೆಲಸ ಮುಗಿದಂತೆ. ಕಾರ್ಡನ್ನು ಲಕೋಟೆಯಲ್ಲಿ ಹಾಕಿ ತೆಗೆದಿಡಬೇಕು, ಮತ್ತೆ ಕಾರಿಗೆ ಹಾಕಬಾರದು. ತುಂಬ ಸವೆದ ಕಾರ್ಡ್‌ನ ಕೋಶಗಳು ಆವೇಶವನ್ನು ಬೇಗ ಕಳೆದುಕೊಳ್ಳುವುದರಿಂದ ಬೇರೆ ಎರಡು ಕಡೆ ಪ್ರತಿ ಇರುವುದು ಕ್ಷೇಮ.

ಕಳಿಸುವಾಗ ಕಳೆದುಹೋಗುವುದು

ಠಾಣೆಯವರೋ ವಿಮೆಯವರೋ ವಾಟ್ಸ್ಆ್ಯಪ್‌ನಲ್ಲಿ ಹಾಕಿ ಎನ್ನುವುದು ಈಗ ರೂಢಿ. ವಿಡಿಯೊ ಎಂದು ಕಳಿಸಿದರೆ ಆ್ಯಪ್ ಅದನ್ನು ಮರುಸಂಕುಚನ ಮಾಡುತ್ತದೆ. ಹತ್ತು ಅಡಿ ಮುಂದಿದ್ದ ನಂಬರ್ ಪ್ಲೇಟ್ ಮಸುಕಾಗುತ್ತದೆ, ಫೈಲಿನೊಳಗೆ ಹುದುಗಿದ್ದ ಜಿಪಿಎಸ್ ಮಾಹಿತಿ ಹೋಗುತ್ತದೆ, ಹ್ಯಾಶ್ ತಾಳೆಯಾಗುವುದಿಲ್ಲ. ಅದೇ ಫೈಲನ್ನು ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಿದರೆ 2 ಜಿಬಿವರೆಗೆ ಒಂದು ಬೈಟೂ ಬದಲಾಗದೆ ತಲುಪುತ್ತದೆ.

ಸರ್ವೇಯರ್‌ಗೆ ನಲವತ್ತು ಸೆಕೆಂಡು ಸಾಕು ಎನ್ನಿಸಿದರೆ ಪ್ರತಿಯಿಂದ ತುಂಡು ಕತ್ತರಿಸಬಹುದು. ಚಿತ್ರವನ್ನು ಮತ್ತೆ ಸಂಕುಚನ ಮಾಡದೆ ಕತ್ತರಿಸುವ ಬಗೆ ಹೀಗೆ:

```
ffmpeg -ss 00:01:20 -i IN.MP4 -t 40 -c copy OUT.MP4
```

ಇದು ಕೀ-ಫ್ರೇಮ್ ಇರುವಲ್ಲಿ ಮಾತ್ರ ಸರಿಯಾಗಿ ಕತ್ತರಿಸುವುದರಿಂದ ಆರಂಭ ಒಂದೆರಡು ಸೆಕೆಂಡು ಆಚೀಚೆ ಆಗುತ್ತದೆ. ತುಂಡನ್ನು ಕೊಟ್ಟರೂ ಪೂರ್ತಿ ಫೈಲ್ ಇದೆ ಎಂದು ಪತ್ರದಲ್ಲಿ ತಿಳಿಸಬೇಕು. ಘಟನೆಗೆ ಮುಂಚಿನ ಭಾಗವನ್ನು ಬಿಟ್ಟು ಕೊಟ್ಟ ವಿಡಿಯೊ, ಕಳಿಸಿದವರ ತಪ್ಪನ್ನು ಮುಚ್ಚಿಡಲು ಕತ್ತರಿಸಿದ್ದು ಎಂಬ ಅನುಮಾನಕ್ಕೆ ಎಡೆಮಾಡುತ್ತದೆ. ಕ್ಯಾಮೆರಾದ ಮೈಕ್ ಚಾಲೂ ಇದ್ದರೆ ಕಾರಿನೊಳಗಿನ ಮಾತೂ ಅದರಲ್ಲಿರುತ್ತದೆ ಎಂಬುದೂ ನೆನಪಿರಬೇಕು.

ಸಾಮಾಜಿಕ ಜಾಲತಾಣದಲ್ಲಿ ಹಾಕುವುದರಿಂದ ಲಾಭವಾದದ್ದುಂಟು. 2023ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಬೆಳಗಿನ ಜಾವ ಇಬ್ಬರು ಬೈಕಿನಲ್ಲಿ ಬಂದು ಬೇಕೆಂದೇ ಕಾರಿಗೆ ಗುದ್ದಿ, ಒಳಗಿದ್ದ ದಂಪತಿಯನ್ನು ಕಿಲೋಮೀಟರ್‌ಗಟ್ಟಲೆ ಬೆನ್ನಟ್ಟಿದ ಡ್ಯಾಶ್‌ಕ್ಯಾಮ್ ದೃಶ್ಯ ಹರಡಿ, ಪೊಲೀಸರು ಇಬ್ಬರನ್ನೂ ಬಂಧಿಸಿದರು. ಆದರೆ ದೂರು ಕೊಡುವ ಮುಂಚೆಯೇ ಹಾಕಿದ ದೃಶ್ಯ ಸಾಕ್ಷಿಗಳ ನೆನಪನ್ನು ತಿದ್ದಿತು ಎಂಬ ಆಕ್ಷೇಪಕ್ಕೂ ದಾರಿಯಾಗುತ್ತದೆ. ಹಾಕಲೇಬೇಕೆಂದರೆ ದಾರಿಹೋಕರ ಮುಖ, ಸಂಬಂಧವಿಲ್ಲದ ವಾಹನಗಳ ನಂಬರ್ ಮರೆಮಾಡಿದ ಬೇರೊಂದು ಪ್ರತಿ ಬೇಕು.

ಕಾನೂನಿನ ಕಣ್ಣಲ್ಲಿ

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವುದು ಭಾರತೀಯ ಸಾಕ್ಷ್ಯ ಅಧಿನಿಯಮ, 2023. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಜಾಗಕ್ಕೆ ಇದರಲ್ಲಿ 63ನೆಯ ಕಲಮು ಬಂದಿದೆ. ವಿಡಿಯೊದ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೋ ಸಿ.ಡಿ.ಯಲ್ಲೋ ಹಾಜರುಪಡಿಸುವವರು ಅದರೊಂದಿಗೆ ಪ್ರಮಾಣಪತ್ರ ಕೊಡಬೇಕು. ಅದರ ನಮೂನೆ ಅಧಿನಿಯಮದ ಅನುಸೂಚಿಯಲ್ಲೇ ಇದೆ. ಎ ಭಾಗವನ್ನು ವಿಡಿಯೊ ಹಾಜರುಪಡಿಸುವ ಪಕ್ಷಕಾರರು, ಬಿ ಭಾಗವನ್ನು ತಜ್ಞರು ತುಂಬಿ ಸಹಿ ಮಾಡಬೇಕು. ಸಾಧನದ ತಯಾರಕರು, ಮಾದರಿ, ಕ್ರಮಸಂಖ್ಯೆ, ಫೈಲಿನ ಹ್ಯಾಶ್, ಆ ಹ್ಯಾಶ್ ತೆಗೆದ ವಿಧಾನ ಇವೆಲ್ಲಕ್ಕೂ ಅದರಲ್ಲಿ ಜಾಗವಿದೆ. ಘಟನೆಯ ದಿನವೇ ಬರೆದಿಟ್ಟ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೂಲ ಕಾರ್ಡನ್ನು ಎತ್ತಿಡುವುದಕ್ಕೂ ಕಾನೂನಿನಲ್ಲಿ ಕಾರಣವಿದೆ. 2020ರ ಜುಲೈ 14ರಂದು ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಳೆಯ 65ಬಿ ಕಲಮನ್ನು ವಿವರಿಸುತ್ತ, ಪ್ರತಿಗೆ ಪ್ರಮಾಣಪತ್ರ ಕಡ್ಡಾಯ ಎಂದಿತು. ಮೂಲ ದಾಖಲೆ ಇರುವ ಸಾಧನವನ್ನೇ ಅದರ ಮಾಲೀಕರು ಸಾಕ್ಷಿಕಟ್ಟೆಗೆ ತಂದು ರುಜುವಾತುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲ ಎಂದೂ ಹೇಳಿತು. ತನಿಖಾಧಿಕಾರಿ ಕಾರ್ಡನ್ನೇ ವಶಕ್ಕೆ ತೆಗೆದುಕೊಂಡರೆ ಮಹಜರಿನಲ್ಲಿ ಕಾರ್ಡ್‌ನ ಗುರುತು, ಅಳತೆ ಮತ್ತು ಹ್ಯಾಶ್ ದಾಖಲಾಗುವಂತೆ ನೋಡಿಕೊಂಡು, ಒಂದು ಪ್ರತಿ ತಮ್ಮಲ್ಲಿಟ್ಟುಕೊಳ್ಳುವುದು ಜಾಣತನ.

ಲೂಪ್ ರೆಕಾರ್ಡಿಂಗ್ ಖಾಸಗಿತನದ ಪ್ರಶ್ನೆಯನ್ನೂ ಮುಟ್ಟುತ್ತದೆ. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಅಕ್ಕಪಕ್ಕದ ಲೇನ್‌ಗಳಿಂದ ಎಡಕ್ಕೆ ತಿರುಗುತ್ತಿದ್ದ ಎರಡು ಕಾರುಗಳು ತಾಗಿದ ಪ್ರಕರಣ ಅಲ್ಲಿನ ಫೆಡರಲ್ ನ್ಯಾಯಾಲಯದವರೆಗೆ ಹೋಯಿತು. 2018ರ ಮೇ 15ರ ತೀರ್ಪಿನಲ್ಲಿ ನ್ಯಾಯಾಲಯ, ಕಾರಣವಿಲ್ಲದೆ ಸತತವಾಗಿ ರಸ್ತೆಯನ್ನು ಚಿತ್ರೀಕರಿಸಿ ಇಟ್ಟುಕೊಳ್ಳುವುದು ದತ್ತಾಂಶ ರಕ್ಷಣೆಯ ಕಾನೂನಿಗೆ ವಿರುದ್ಧ ಎಂದಿತು. ಹಾಗಿದ್ದೂ ಆ ದೃಶ್ಯವನ್ನು ಸಿವಿಲ್ ದಾವೆಯಲ್ಲಿ ಸಾಕ್ಷ್ಯವಾಗಿ ಬಳಸಬಹುದು ಎಂದಿತು. ಚಿಕ್ಕ ಅವಧಿಯಲ್ಲಿ ತಾನಾಗಿ ಅಳಿಸಿಕೊಳ್ಳುತ್ತ, ಡಿಕ್ಕಿಯಾದಾಗ ಮಾತ್ರ ಉಳಿಸಿಕೊಳ್ಳುವ ಕ್ಯಾಮೆರಾ ತಾಂತ್ರಿಕವಾಗಿ ಸಾಧ್ಯ ಎಂಬುದನ್ನೂ ಗಮನಿಸಿತು. ಚಿಕ್ಕ ಲೂಪ್ ಅಲ್ಲಿ ಖಾಸಗಿತನದ ರಕ್ಷಣೆಯಾಗಿ ಪರಿಣಮಿಸಿತು.

ದೃಶ್ಯದ ಮಿತಿ

ಡ್ಯಾಶ್‌ಕ್ಯಾಮ್‌ನ ಅಗಲ ಕೋನದ ಲೆನ್ಸ್ ಮುಂದಿನ ವಾಹನವನ್ನು ಇರುವುದಕ್ಕಿಂತ ದೂರದಲ್ಲಿದ್ದಂತೆ ತೋರಿಸುತ್ತದೆ. ರಾತ್ರಿ ಹೆಡ್‌ಲೈಟ್ ಬಿದ್ದ ನಂಬರ್ ಪ್ಲೇಟ್ ಬೆಳ್ಳಗೆ ಹೊಳೆದು ಅಂಕಿಗಳನ್ನು ನುಂಗುತ್ತದೆ. ಪರದೆಯ ಮೇಲೆ ಅಚ್ಚಾಗುವ ಜಿಪಿಎಸ್ ವೇಗ ಹಠಾತ್ ಬ್ರೇಕ್ ಹಾಕಿದಾಗ ತುಸು ಹಿಂದುಳಿಯುತ್ತದೆ. ಹಾಗಾಗಿ ವೇಗ ವಿವಾದವಾದಾಗ ತಜ್ಞರು ಪರದೆಯ ಅಂಕಿಯನ್ನಷ್ಟೇ ನಂಬದೆ ಫ್ರೇಮ್‌ಗಳನ್ನು ಎಣಿಸುತ್ತಾರೆ. 30 ಮೀಟರ್ ಅಂತರದ ಎರಡು ದೀಪದ ಕಂಬಗಳನ್ನು ದಾಟಲು ಕಾರಿಗೆ 54 ಫ್ರೇಮ್ ಹಿಡಿದಿದ್ದರೆ, ಸೆಕೆಂಡಿಗೆ 30 ಫ್ರೇಮ್‌ನಂತೆ ಅದು 1.8 ಸೆಕೆಂಡು, ವೇಗ ಗಂಟೆಗೆ 60 ಕಿಲೋಮೀಟರ್. ಕಂಬಗಳ ಅಂತರವನ್ನು ಯಾವತ್ತು ಬೇಕಾದರೂ ಟೇಪು ಹಿಡಿದು ಅಳೆಯಬಹುದು. ಫ್ರೇಮ್‌ಗಳನ್ನು ನೆಚ್ಚಿ ಎಣಿಸಬಹುದಾದದ್ದು ಮಾತ್ರ ಕಾರ್ಡ್‌ನಿಂದ ಹಾಗೆಯೇ ಬಂದ ಫೈಲಿನಲ್ಲಿ, ಏಕೆಂದರೆ ಮರುಸಂಕುಚನದಲ್ಲಿ ಕೆಲವು ಫ್ರೇಮ್‌ಗಳು ಬಿಟ್ಟುಹೋಗಿರಬಹುದು.